ತೊಡೆಸಂದಿನ ಫೋಟೊ ಡಾಕ್ಟರಿಗೆ ಕಳಿಸುವ ಮೊದಲು

ಕ್ಲಿನಿಕ್ಕಿನ ಬೋರ್ಡಿನಲ್ಲಿ ವಾಟ್ಸಾಪ್ ನಂಬರ್ ಬರೆದಿರುತ್ತದಲ್ಲ, ಆ ಫೋನ್ ಹೆಚ್ಚಾಗಿ ಡಾಕ್ಟರ ಜೇಬಿನಲ್ಲಿ ಇರುವುದಿಲ್ಲ. ಕೌಂಟರಿನ ಮೇಜಿನ ಮೇಲೆ ಇರುತ್ತದೆ. ಟೋಕನ್ ಕೊಡುವವರು, ಬಿಲ್ ಬರೆಯುವವರು, ಊಟಕ್ಕೆ ಹೋದವರ ಬದಲು ಕೂತವರು, ಎಲ್ಲರೂ ಅದನ್ನು ಎತ್ತುತ್ತಾರೆ. ಮಂಗಳೂರಿನ ಒಂದು ಚರ್ಮರೋಗ ಕ್ಲಿನಿಕ್ಕಿನಲ್ಲಿ ಆರು ವರ್ಷ ಆ ಫೋನ್ ಎತ್ತುತ್ತಿದ್ದವನು ನಾನು.

2020ರ ಮಾರ್ಚಿನಲ್ಲಿ ಕರ್ನಾಟಕ, ಕೇರಳದ ನಡುವಿನ ತಲಪಾಡಿ ಗಡಿ ಬಂದ್ ಆಯಿತು. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಮಂಗಳೂರಿಗೆ ಬರಲು ದಾರಿಯೇ ಇಲ್ಲ. ಅದೇ ತಿಂಗಳ 25ರಂದು ಫೋನ್, ಮೆಸೇಜ್, ವಿಡಿಯೊ ಮೂಲಕ ಡಾಕ್ಟರು ರೋಗಿಗಳನ್ನು ನೋಡಲು ಕೇಂದ್ರ ಸರ್ಕಾರದ ನಿಯಮಗಳೂ ಬಂದವು. ಫೋಟೊಗಳು ಮಳೆಯಂತೆ ಸುರಿದವು. ಗಡಿ ತೆರೆದ ಮೇಲೂ ನಿಲ್ಲಲಿಲ್ಲ. ಒಂದು ತುರಿಕೆಗಾಗಿ ಅರ್ಧ ದಿನ ಬಸ್ಸಿನಲ್ಲಿ ಕಳೆಯುವುದು ಯಾರಿಗೆ ಬೇಕು ಅಲ್ವಾ?

ಅದರಲ್ಲಿ ಜಾಸ್ತಿ ಬರುತ್ತಿದ್ದದ್ದು ತೊಡೆಸಂದಿನ ಗಜಕರ್ಣ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ದಿನವಿಡೀ ತೋಟದಲ್ಲಿ ಕೆಲಸ ಮಾಡಿದರೆ ಅದು ಬಾರದೆ ಇರುವುದೇ ಆಶ್ಚರ್ಯ. ಆದರೆ ಆ ಫೋಟೊಗಳಲ್ಲಿ ಗಜಕರ್ಣ ಒಂದೇ ಇರುತ್ತಿರಲಿಲ್ಲ. ಮುಖ ಇರುತ್ತಿತ್ತು. ಮುಚ್ಚಬೇಕಾದದ್ದೆಲ್ಲ ಇರುತ್ತಿತ್ತು. ಹಿಂದಿನ ಗೋಡೆಯಲ್ಲಿ ಊರಿನ ಅಂಗಡಿಯ ಹೆಸರಿದ್ದ ಕ್ಯಾಲೆಂಡರ್ ಇರುತ್ತಿತ್ತು. ಕಪಾಟಿನ ಕನ್ನಡಿಯಲ್ಲಿ ಫೋಟೊ ತೆಗೆಯುತ್ತಿದ್ದ ಹೆಂಡತಿಯೂ ಕಾಣುತ್ತಿದ್ದರು.

ಹೋದ ಆಷಾಢದಲ್ಲಿ ನನ್ನ ಭಾವನಿಗೇ ಅದು ಬಂತು. "ಭಾವ, ಫೋಟೊ ಹೇಗೆ ತೆಗೆಯುದು ಮಾರಾಯ? ನಾಚಿಕೆ ಆಗ್ತದೆ" ಎಂದು ಫೋನ್ ಮಾಡಿದ. ಅವನಿಗೆ ಹೇಳಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ಕರೆ

ಫೋಟೊ ತೆಗೆಯುವ ಮೊದಲು ಕ್ಲಿನಿಕ್ಕಿಗೆ ಕರೆ ಮಾಡಿ ಎರಡೇ ಪ್ರಶ್ನೆ ಕೇಳಿ. ಈ ನಂಬರಿಗೆ ಬರುವ ಫೋಟೊವನ್ನು ಯಾರು ನೋಡುತ್ತಾರೆ? ಖಾಸಗಿ ಜಾಗದ ಫೋಟೊ ಡಾಕ್ಟರಿಗೆ ನೇರ ಕಳಿಸಲು ಬೇರೆ ನಂಬರ್ ಇದೆಯಾ? ಕೌಂಟರಿನವರಿಗೆ ಈ ಪ್ರಶ್ನೆ ಹೊಸದಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ. ಭಾವನಿಗೆ ಸಿಕ್ಕ ಉತ್ತರ: "ಸಂಜೆ ಆರರ ಮೇಲೆ ಈ ಇನ್ನೊಂದು ನಂಬರಿಗೆ ಕಳಿಸಿ, ಅದು ಡಾಕ್ಟರ ಹತ್ತಿರವೇ ಇರ್ತದೆ."

ಹೆಸರು, ವಯಸ್ಸು ಹೇಳಲೇಬೇಕು. ಯಾರೆಂದು ಗೊತ್ತಿಲ್ಲದವರಿಗೆ ಡಾಕ್ಟರು ಮದ್ದು ಬರೆಯುವಂತಿಲ್ಲ. ಆದರೆ ಅದನ್ನು ಕರೆಯಲ್ಲೇ ಹೇಳಿ. ಫೋಟೊದ ಒಳಗೆ, ಅದರ ಅಡಿಬರಹದಲ್ಲಿ ಹೆಸರು ಬೇಡ. ಫೋಟೊ ತಪ್ಪಿ ಬೇರೆಯವರಿಗೆ ಹೋದರೂ ಅದು ಯಾರದೆಂದು ಹೇಳುವಂತಿರಬಾರದು.

ಕತ್ತರಿಸುವ ಮೊದಲು ಮುಚ್ಚಿ

ಎಲ್ಲರೂ ಮಾಡುವ ತಪ್ಪು ಇದು. ಇಡೀ ಫೋಟೊ ತೆಗೆದು, ಆಮೇಲೆ ಕತ್ತರಿಸಿದರಾಯಿತು ಅಂದುಕೊಳ್ಳುತ್ತಾರೆ. ಹಲವು ಫೋನುಗಳಲ್ಲಿ ಕತ್ತರಿಸಿದ್ದು ಒಂದು ಪ್ರತಿಯಾಗಿ ಉಳಿಯುತ್ತದೆ, ಮೂಲ ಪಕ್ಕದಲ್ಲೇ ಇರುತ್ತದೆ. ಅವಸರದಲ್ಲಿ ಬೆರಳು ಮೂಲದ ಮೇಲೆ ಬಿತ್ತೋ, ಮುಗಿಯಿತು. ಐಫೋನಿನಲ್ಲಿ ಕತ್ತರಿಸಿದ ಭಾಗವನ್ನು ಮತ್ತೆ ವಾಪಸ್ ತರಬಹುದು. 2023ರಲ್ಲಿ ಇನ್ನೊಂದು ವಿಷಯ ಬಯಲಾಯಿತು. ಗೂಗಲ್ ಪಿಕ್ಸೆಲ್ ಫೋನಿನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ಗಳಲ್ಲಿ, ಕತ್ತರಿಸಿ ಬಿಟ್ಟ ಭಾಗ ಫೈಲಿನ ಬಾಲದಲ್ಲಿ ಹಾಗೇ ಉಳಿದಿತ್ತು. ಆ ದೋಷವನ್ನು ಸರಿ ಮಾಡಿದ್ದಾರೆ. ಆದರೂ ಕ್ಯಾಮೆರಾದ ಒಳಗೆ ಹೋಗದ್ದು ಎಲ್ಲಿಂದಲೂ ಹೊರಗೆ ಬರುವುದಿಲ್ಲ.

ಆದ್ದರಿಂದ ಬಟ್ಟೆ. ಚಿತ್ತಾರವಿಲ್ಲದ, ಒಗೆದ ಹಳೆಯ ಬೈರಾಸು ಎರಡು ಸಾಕು. ನೀಲಿ ಅಥವಾ ಬೂದು ಬಣ್ಣದ್ದಾದರೆ ಒಳ್ಳೆಯದು. ಬಿಳಿ ಬಟ್ಟೆ ಜಾಸ್ತಿ ಇದ್ದರೆ ಫೋನ್ ಬೆಳಕನ್ನು ಕಡಿಮೆ ಮಾಡಿ ಚರ್ಮವನ್ನು ಕಪ್ಪು ಕಪ್ಪಾಗಿ ತೋರಿಸುತ್ತದೆ. ಒಳ ಉಡುಪನ್ನು ಪೂರ್ತಿ ತೆಗೆಯಬೇಕಾಗಿಲ್ಲ, ಒಂದು ಬದಿಗೆ ಸರಿಸಿದರೆ ಸಾಕು. ಒಂದು ಬೈರಾಸು ಮಧ್ಯದ ಭಾಗವನ್ನು ಮುಚ್ಚಲಿ, ಇನ್ನೊಂದು ಹೊಟ್ಟೆಯನ್ನು. ನಡುವೆ ತೊಡೆಸಂದಿನ ಅಂಗೈ ಅಗಲದ ಚರ್ಮ ಮಾತ್ರ ಕಾಣಲಿ. ಶಸ್ತ್ರಚಿಕಿತ್ಸೆಯಲ್ಲೂ ಹೀಗೇ ಅಲ್ವಾ, ಕೆಲಸ ಇರುವ ಜಾಗ ಬಿಟ್ಟು ಉಳಿದದ್ದು ಬಟ್ಟೆಯಡಿ.

ಉಡಿದಾರ, ತಾಯಿತ, ಹಚ್ಚೆ, ಎದ್ದು ಕಾಣುವ ಮಚ್ಚೆ, ಹಳೆಯ ಗಾಯದ ಕಲೆ ಇವೆಲ್ಲ ಗುರುತು ಹೇಳುವ ವಸ್ತುಗಳು. ಮುಖ ಇಲ್ಲದಿದ್ದರೂ ಗೊತ್ತಿದ್ದವರು ಇವುಗಳಿಂದಲೇ ಗುರುತಿಸುತ್ತಾರೆ. ಬೆರಳಿನ ಉಂಗುರವನ್ನು ಮರೆಯಬೇಡಿ. ಬಟ್ಟೆ ಹಿಡಿದುಕೊಂಡ ಕೈ ಯಾವಾಗಲೂ ಫೋಟೊದಲ್ಲಿ ಬಂದೇ ಬರುತ್ತದೆ.

ತೆಗೆಯುವುದು

ಕ್ಯಾಮೆರಾ ತೆರೆದು ಮೊದಲು ಸೆಟ್ಟಿಂಗಿನಲ್ಲಿ `Save location` ಅಥವಾ `Location tags` ಎಂಬುದನ್ನು ಆಫ್ ಮಾಡಿ. ಇಲ್ಲದಿದ್ದರೆ ನಿಮ್ಮ ಮನೆ ಎಲ್ಲಿದೆ ಎಂಬುದು ಫೋಟೊದ ಫೈಲಿನೊಳಗೆ ಕೂತಿರುತ್ತದೆ. ಗೂಗಲ್ ಫೋಟೋಸ್‌ನಲ್ಲಿ `Backup` ಅನ್ನೂ ಆಫ್ ಮಾಡಿ. ಭಾವನ ಫೋನು, ದುಬೈಯಲ್ಲಿರುವ ಮಗನ ಫೋನು, ಮನೆಯ ಟಿವಿ, ಎಲ್ಲಕ್ಕೂ ಒಂದೇ ಅಕೌಂಟ್. ಟಿವಿಯಲ್ಲಿ ಫೋಟೊಗಳು ತಾವಾಗಿಯೇ ಒಂದರ ಹಿಂದೆ ಒಂದು ಓಡುತ್ತವೆ. ಮುಂದಿನದನ್ನು ನೀವೇ ಊಹಿಸಿ.

ಹಗಲು, ಕಿಟಕಿಯ ಪಕ್ಕ, ಬೆಳಕು ಬದಿಯಿಂದ ಬೀಳುವ ಹಾಗೆ ಕೂತುಕೊಳ್ಳಿ. ಫ್ಲ್ಯಾಶ್ ಬೇಡ, ಬೆವರಿದ ಚರ್ಮ ಹೊಳೆದು ಕೆಂಪು ಕಾಣುವುದೇ ಇಲ್ಲ. ಮುಖ ಚಂದ ಮಾಡುವ ಬ್ಯೂಟಿ ಮೋಡ್ ಇದ್ದರೆ ತೆಗೆಯಿರಿ. ಅದು ಡಾಕ್ಟರಿಗೆ ಬೇಕಾದ ಸಿಪ್ಪೆಯನ್ನೇ ಒರೆಸಿಬಿಡುತ್ತದೆ. ಒಬ್ಬರೇ ತೆಗೆಯುವುದಾದರೆ ಸ್ಟೂಲಿನ ಮೇಲೆ ಚೊಂಬಿಗೆ ಫೋನ್ ಒರಗಿಸಿ ಹತ್ತು ಸೆಕೆಂಡಿನ ಟೈಮರ್ ಇಡಿ. ಹಿಂದಿನ ಕ್ಯಾಮೆರಾ ಇರಲಿ. ದೂರ ಸುಮಾರು ಒಂದು ಅಡಿ. ಇನ್ನೂ ಹತ್ತಿರ ಹೋದರೆ ಮಸುಕಾಗುತ್ತದೆ, ಬೇಕಾದರೆ ಎರಡು ಪಟ್ಟು ಜೂಮ್ ಮಾಡಿ. ಟೈಮರ್ ಶುರು ಮಾಡುವ ಮೊದಲು ಪರದೆಯಲ್ಲಿ ಚರ್ಮದ ಮೇಲೆ ಒಮ್ಮೆ ಒತ್ತಿ, ಬಟ್ಟೆಯ ಮೇಲಲ್ಲ.

ಎರಡು ಫೋಟೊ ಸಾಕು. ಜಾಗ ಎಲ್ಲಿದೆ ಎಂದು ತೋರಿಸಲು ದೂರದಿಂದ ಇಡೀ ದೇಹದ ಫೋಟೊ ತೆಗೆಯುವವರಿದ್ದಾರೆ. ಅದು ಬೇಡವೇ ಬೇಡ. ಒಂದು ಕಾಗದದಲ್ಲಿ ಮನುಷ್ಯನ ಆಕೃತಿ ಗೀಚಿ, ಪೆನ್ನಿನಲ್ಲಿ ಜಾಗ ಗುರುತು ಮಾಡಿ, ಆ ಕಾಗದದ ಫೋಟೊ ಕಳಿಸಿ. ಚಿತ್ರ ಚಂದ ಇರಬೇಕೆಂದಿಲ್ಲ. ಭಾವನದ್ದು ಬೆರ್ಚಪ್ಪನ ಹಾಗೆ ಇತ್ತು, ಡಾಕ್ಟರಿಗೆ ಅರ್ಥವಾಯಿತು.

ಏನನ್ನು ಕತ್ತರಿಸಬಾರದು

ಭಾವ ಮೊದಲ ಸಲ ಅತಿಯಾಗಿ ಕತ್ತರಿಸಿದ. ಕೆಂಪು ಕಲೆಯ ನಡುವಿನ ತುಂಡು ಮಾತ್ರ ಉಳಿದಿತ್ತು. ಡಾಕ್ಟರು "ಇದು ಏನೂ ಆಗಿರಬಹುದು" ಎಂದರು. ಗಜಕರ್ಣದ ಗುರುತು ಇರುವುದು ಅಂಚಿನಲ್ಲಿ. ಅಂಚು ಸ್ವಲ್ಪ ಎದ್ದು ಕೆಂಪಗೆ ಇರುತ್ತದೆ, ಸಿಪ್ಪೆ ಏಳುತ್ತದೆ. ನಡುವಿನ ಚರ್ಮ ತಿಳಿಯಾಗುತ್ತಾ ಬರುತ್ತದೆ. ಆದ್ದರಿಂದ ಅಂಚು ಪೂರ್ತಿ ಕಾಣಬೇಕು, ಅದರಾಚೆ ಎರಡು ಬೆರಳು ಅಗಲ ಒಳ್ಳೆಯ ಚರ್ಮವೂ ಬೇಕು. ಅಲ್ಲಿಂದಾಚೆಯದನ್ನು ಕತ್ತರಿಸಿ.

ಮುಚ್ಚದೆ ಉಳಿದದ್ದಿದ್ದರೆ ಅದರ ಮೇಲೆ ಮಸುಕು ಹಚ್ಚಬೇಡಿ, ಪೆನ್ನಿನಲ್ಲಿ ಗೀಚಲೂ ಬೇಡಿ. ಗೀಚಿದ ಬಣ್ಣ ಸ್ವಲ್ಪ ತೆಳುವಾಗಿದ್ದರೂ ಬೆಳಕು ಹೆಚ್ಚಿಸಿದಾಗ ಅಡಿಯದ್ದು ಕಾಣುತ್ತದೆ. ಬಟ್ಟೆ ಸರಿ ಮಾಡಿ ಇನ್ನೊಂದು ಫೋಟೊ ತೆಗೆಯುವುದೇ ಸುಲಭ. ಕಳಿಸುವ ಮೊದಲು ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ.

ಎರಡನೆಯ ಫೋಟೊದಲ್ಲೂ ಅಂಚು ಅಷ್ಟು ಸ್ಪಷ್ಟ ಇರಲಿಲ್ಲ. ಡಾಕ್ಟರು ಕೇಳಿದರು: "ಏನಾದರೂ ಹಚ್ಚಿದ್ದೀರಾ?" ಹತ್ತು ದಿನದಿಂದ ಮೆಡಿಕಲ್ ಶಾಪಿನ ಯಾವುದೋ ಟ್ಯೂಬ್ ಹಚ್ಚುತ್ತಿದ್ದ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ, ಗಜಕರ್ಣ ತರುವ ಬೂಸ್ಟು ಮಾತ್ರ ಒಳಗೆ ಹರಡುತ್ತಲೇ ಇರುತ್ತದೆ, ಗುರುತೂ ಮಾಸುತ್ತದೆ. ಹಚ್ಚಿದ ಟ್ಯೂಬಿನ ಫೋಟೊವನ್ನೂ ಕಳಿಸಿ. ಎಷ್ಟೋ ಸಲ ಚರ್ಮದ ಫೋಟೊಗಿಂತ ಅದೇ ಜಾಸ್ತಿ ಹೇಳುತ್ತದೆ.

ಕಳಿಸುವುದು, ಅಳಿಸುವುದು

ವಾಟ್ಸಾಪಿನಲ್ಲಿ ಫೋಟೊವಾಗಿಯೇ ಕಳಿಸಿ, `Document` ಆಗಿ ಬೇಡ. ಡಾಕ್ಯುಮೆಂಟ್ ಆಗಿ ಹೋದರೆ ಫೈಲಿನೊಳಗಿನ ಜಾಗದ ವಿವರವೂ ಹೋಗುತ್ತದೆ. ಸ್ಪಷ್ಟವಾಗಲು `HD` ಒತ್ತಿ. ಒಮ್ಮೆ ಮಾತ್ರ ನೋಡುವ `View once` ಇದೆಯಲ್ಲ, ಅದು ಒಳ್ಳೆಯದೇ. ಆದರೆ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯುವುದನ್ನು ಅದು ತಡೆಯುವುದಿಲ್ಲ. ಮತ್ತೆ ನೋಡಿ ಹೋಲಿಸಲು ಡಾಕ್ಟರಿಗೂ ಆಗುವುದಿಲ್ಲ. ಗಜಕರ್ಣಕ್ಕೆ ವಾರಗಟ್ಟಲೆ ಮದ್ದು ಬೇಕು, ಹೋಲಿಸಲೇಬೇಕಾಗುತ್ತದೆ. ಹಾಗಾಗಿ ನಾನು ಆ ಚಾಟಿನಲ್ಲಿ `Disappearing messages` ಅನ್ನು 90 ದಿನಕ್ಕೆ ಇಡಿ ಎನ್ನುತ್ತೇನೆ.

ಕಳಿಸಿದ ಮೇಲೆ ಗ್ಯಾಲರಿಯಿಂದ ಅಳಿಸಿ, ಆಮೇಲೆ `Trash` ಒಳಗಿಂದಲೂ ಅಳಿಸಿ. ಐಫೋನಿನಲ್ಲಿ ಅಳಿಸಿದ್ದು 30 ದಿನ ಹಾಗೇ ಕೂತಿರುತ್ತದೆ. ಇಷ್ಟಾದ ಮೇಲೆ ಬ್ಯಾಕಪ್ ಆನ್ ಮಾಡಿ, ಮೊದಲೇ ಮಾಡಿದರೆ ಪಟ್ಟ ಪಾಡೆಲ್ಲ ನೀರಿಗೆ. ತಪ್ಪಿ ಕುಟುಂಬದ ಗುಂಪಿಗೆ ಹೋದರೆ ಗಾಬರಿಯಲ್ಲಿ `Delete for me` ಒತ್ತಬೇಡಿ. ನಿಮ್ಮ ಫೋನಿನಿಂದ ಮಾತ್ರ ಹೋಗಿ, ಉಳಿದ ನಲವತ್ತು ಮಂದಿಯ ಹತ್ತಿರ ಇರುತ್ತದೆ. `Delete for everyone` ಒತ್ತಬೇಕು.

ಯಾರಾದರೂ ಅಂಥ ಫೋಟೊವನ್ನು ಒಪ್ಪಿಗೆಯಿಲ್ಲದೆ ಹಂಚಿದರೆ ಐಟಿ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ದೂರನ್ನು `cybercrime.gov.in` ನಲ್ಲಿ ಕೊಡಬಹುದು.

ಫೋಟೊವೇ ಬೇಡ ಎನ್ನುವ ಜಾಗ

ಮಕ್ಕಳ ಖಾಸಗಿ ಜಾಗದ ಫೋಟೊ ತೆಗೆಯಬೇಡಿ, ಡಾಕ್ಟರಿಗೇ ಆದರೂ. 2021ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಬ್ಬ ತಂದೆ, ಮಗುವಿಗೆ ಊತ ಬಂದಿದೆ ಎಂದು ಡಾಕ್ಟರಿಗಾಗಿ ಫೋಟೊ ತೆಗೆದ. ಅದು ಗೂಗಲ್‌ಗೆ ಬ್ಯಾಕಪ್ ಆಯಿತು. ಕಂಪನಿಯ ಯಂತ್ರ ಅದನ್ನು ಮಕ್ಕಳ ಅಶ್ಲೀಲ ಚಿತ್ರವೆಂದು ಹಿಡಿದು ಅಕೌಂಟನ್ನೇ ಮುಚ್ಚಿತು. ಪೊಲೀಸರು ತನಿಖೆ ಮಾಡಿ ಅಪರಾಧ ಇಲ್ಲ ಎಂದರು, ಅಕೌಂಟ್ ಮಾತ್ರ ವಾಪಸ್ ಬರಲಿಲ್ಲ. ನಮ್ಮಲ್ಲಿ ಪೋಕ್ಸೊ ಕಾಯ್ದೆ ಇದೆ. ಮಗುವನ್ನು ಎತ್ತಿಕೊಂಡು ಹತ್ತಿರದ ಡಾಕ್ಟರಲ್ಲಿಗೆ ಹೋಗಿ.

ದೊಡ್ಡವರಲ್ಲೂ ಗುಪ್ತಾಂಗದ ಮೇಲೆ ಹುಣ್ಣು, ಸ್ರಾವ ಇದ್ದರೆ ಫೋಟೊದಿಂದ ಪ್ರಯೋಜನ ಕಡಿಮೆ. ರಕ್ತದ್ದೋ ಸ್ರಾವದ್ದೋ ಪರೀಕ್ಷೆ ಬೇಕಾಗಬಹುದು. ಜ್ವರದ ಜೊತೆ ತಡೆಯಲಾಗದ ನೋವು, ಗಂಟೆಗಂಟೆಗೆ ಹರಡುವ ಕೆಂಪು, ಚರ್ಮ ಕಪ್ಪಾಗುವುದು ಕಂಡರೆ ಫೋನ್ ಬದಿಗಿಟ್ಟು ನೇರ ಆಸ್ಪತ್ರೆಗೆ.

ಭಾವ ನಾಲ್ಕು ವಾರದ ಮೇಲೆ ಅದೇ ಕಿಟಕಿ, ಅದೇ ಸ್ಟೂಲು, ಅದೇ ಬೈರಾಸು ಇಟ್ಟು ಮತ್ತೆ ಫೋಟೊ ತೆಗೆದ. ಬೆಳಕು ಒಂದೇ ಥರ ಇದ್ದುದರಿಂದ ಅಂಚು ಇಳಿದದ್ದು ಡಾಕ್ಟರಿಗೆ ಸರಿಯಾಗಿ ಕಂಡಿತು. ಆ ಬೈರಾಸನ್ನು ಅಕ್ಕ ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು ಬಿಸಿಲಿಗೆ ಹಾಕಿದ್ದಾಳೆ. ಗಜಕರ್ಣ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಇಂಥ ಬಟ್ಟೆಯಿಂದಲೂ ದಾಟುತ್ತದೆ. ಯಾರೂ ಮುಟ್ಟದಂತೆ ಅದರ ಮೂಲೆಗೆ ಕೆಂಪು ನೂಲಿನಲ್ಲಿ ಒಂದು ಹೊಲಿಗೆಯನ್ನೂ ಹಾಕಿದ್ದಾಳೆ.