ಕಿಲೋಮೀಟರ್ ಬಿಟ್ಟು ಯೂನಿಟ್ ಲೆಕ್ಕ ಹಿಡಿದೆ

ನನ್ನ ಎಲೆಕ್ಟ್ರಿಕ್ ಸ್ಕೂಟರ್ ಒಂದು ಫುಲ್ ಚಾರ್ಜ್‌ಗೆ 110 ಕಿ.ಮೀ. ಓಡುತ್ತೆ ಅಂತ ಜಾಹೀರಾತಿನಲ್ಲಿ ಇತ್ತು. ಅಷ್ಟು ಬರುತ್ತೆ ಅಂತ ನಾನೂ ನಂಬಿರಲಿಲ್ಲ. ಹೊಸದರಲ್ಲಿ ಇಕೋ ಮೋಡ್‌ನಲ್ಲಿ 90 ಬರುತ್ತಿತ್ತು, ಸಾಕಾಗಿತ್ತು. ಒಂದೂವರೆ ವರ್ಷಕ್ಕೆ ಅದು 60ಕ್ಕೆ ಇಳಿಯಿತು. ಒಂದು ಸಂಜೆ ಏರು ಹತ್ತುವಾಗ ಡಿಸ್‌ಪ್ಲೇಯಲ್ಲಿ 24% ಇದ್ದದ್ದು ಒಂದೇ ಸಲಕ್ಕೆ 9% ಆಯಿತು. ಗಾಡಿ ನಡಿಗೆಯ ವೇಗಕ್ಕೆ ಬಂತು.

ಸರ್ವಿಸ್ ಸೆಂಟರ್‌ನಲ್ಲಿ ಅದೇ ಹಳೆಯ ಮಾತು: "ಜೋರಾಗಿ ಓಡಿಸ್ತೀರಿ ಸರ್, ಟೈರಲ್ಲಿ ಗಾಳಿನೂ ಕಡಿಮೆ ಇದೆ." ಲ್ಯಾಪ್‌ಟಾಪ್ ಹಚ್ಚಿ ನೋಡಿ, "SOH 91% ತೋರಿಸ್ತಿದೆ, ಬ್ಯಾಟರಿ ಚೆನ್ನಾಗಿದೆ" ಅಂದರು. SOH ಅಂದರೆ ಹೊಸದಕ್ಕೆ ಹೋಲಿಸಿದರೆ ಬ್ಯಾಟರಿಯ ಸಾಮರ್ಥ್ಯ ಎಷ್ಟು ಉಳಿದಿದೆ ಅನ್ನೋದು. ಆದರೆ ಆ 91 ಅಳತೆ ಅಲ್ಲ, ಬ್ಯಾಟರಿಯನ್ನು ಒಳಗಿಂದಲೇ ನೋಡಿಕೊಳ್ಳುವ ಬಿಎಂಎಸ್ ಅನ್ನೋ ಸರ್ಕ್ಯೂಟ್ ಹಾಕಿದ ಅಂದಾಜು. ಅಪರೂಪಕ್ಕೂ ಪೂರ್ತಿ ಖಾಲಿ ಮಾಡದೆ ಚಾರ್ಜ್ ಮಾಡುವವರ ಗಾಡಿಯಲ್ಲಿ ಅದು ತಪ್ಪೋದು ಸುಲಭ. ನಾನೂ ಅಂಥವನೇ.

ಕಿಲೋಮೀಟರ್ ಹಿಡಿದು ವಾದ ಮಾಡಿದರೆ ಸೋಲೋದು ನಾನೇ ಅನ್ನಿಸಿತು. ಅದಕ್ಕೆ ರಸ್ತೆ, ಗಾಳಿ, ಭಾರ, ಎಲ್ಲ ನೆಪ ಸಿಗುತ್ತೆ. ಬ್ಯಾಟರಿಗೆ ಎಷ್ಟು ಕರೆಂಟು ತುಂಬುತ್ತೆ ಅನ್ನೋದಕ್ಕೆ ಆ ನೆಪ ಯಾವುದೂ ನಡೆಯಲ್ಲ, ಅಲ್ವಾ? ಪ್ಲಗ್‌ಗೂ ಚಾರ್ಜರ್‌ಗೂ ನಡುವೆ ಹಾಕುವ ಚಿಕ್ಕ ಎನರ್ಜಿ ಮೀಟರ್ ತಂದೆ. ಚಾರ್ಜರ್ ಎಳೆಯುವಷ್ಟು ಆಂಪ್ಸ್ ಅದು ತಡೆಯುತ್ತಾ ಅಂತ ನೋಡಿಯೇ ತರಬೇಕು.

ಗಾಡಿ ತಾನಾಗಿ ನಿಲ್ಲುವಷ್ಟು ಖಾಲಿ ಮಾಡಿ, ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, 100%ವರೆಗೆ ಚಾರ್ಜ್ ಹಾಕಿದೆ. ಮೀಟರ್ 2.1 ಯೂನಿಟ್ ತೋರಿಸಿತು. ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗೋದು ಸುಮಾರು 12% ಅಂತ ಕಳೆದರೆ ಉಳಿಯೋದು 1.85. ಬ್ಯಾಟರಿ ಮೇಲಿನ ಲೇಬಲ್‌ನಲ್ಲಿ ಇರೋದು 3 kWh, ಅಂದರೆ 3 ಯೂನಿಟ್. ಹಾಗಾದರೆ ಉಳಿದಿರೋದು 62%. ನನ್ನ ವಾರಂಟಿ ಪುಸ್ತಕದಲ್ಲಿ 70%ಗಿಂತ ಕೆಳಗೆ ಹೋದರೆ ಬದಲಿಸುತ್ತೇವೆ ಅಂತಿದೆ. ಮೂರು ಸಲ ಮಾಡಿದೆ, ಹೆಚ್ಚುಕಮ್ಮಿ ಅಷ್ಟೇ ಬಂತು.

ಜೊತೆಗೆ ಹತ್ತು ದಿನದ ಓಡಾಟ ಬರೆದಿಟ್ಟೆ. ಒಂದೇ ದಾರಿ, ಒಬ್ಬನೇ, ಇಕೋ ಮೋಡ್, ಬೆಳಿಗ್ಗೆ ಟೈರ್ ಗಾಳಿ ನೋಡಿಕೊಂಡು. ಹೊರಡುವಾಗ, ಮುಟ್ಟಿದಾಗ ಓಡೋಮೀಟರ್ ಮತ್ತು ಪರ್ಸೆಂಟ್ ಕಾಣುವಂತೆ ಫೋಟೋ. ಕಿಲೋಮೀಟರಿಗೆ ಸುಮಾರು 30 ವ್ಯಾಟ್-ಅವರ್, ಅಂದರೆ 0.03 ಯೂನಿಟ್ ಖರ್ಚಾಗುತ್ತಿತ್ತು, ಹೊಸದರಲ್ಲೂ ಅಷ್ಟೇ ಇತ್ತು. ಹಾಗಾಗಿ "ಜೋರಾಗಿ ಓಡಿಸ್ತೀರಿ" ಅನ್ನೋ ಮಾತು ಅಲ್ಲಿಗೆ ಬಿತ್ತು.

ದೂರನ್ನು ಇಮೇಲ್‌ನಲ್ಲೇ ಕೊಟ್ಟೆ. ಚಾಸಿ ನಂಬರ್, ಬ್ಯಾಟರಿ ಸೀರಿಯಲ್ ನಂಬರ್, ಫೋಟೋಗಳು ಎಲ್ಲ ಸೇರಿಸಿ, ಎರಡೇ ಕೇಳಿದೆ: ಪೂರ್ತಿ ಡಿಸ್ಚಾರ್ಜ್ ಮಾಡಿ ಕೆಪಾಸಿಟಿ ಟೆಸ್ಟ್ ಮಾಡಿ, 20% ಇರುವಾಗ ಪ್ರತಿ ಸೆಲ್ ಗುಂಪಿನ ವೋಲ್ಟೇಜ್ ಕೊಡಿ. ಫುಲ್ ಚಾರ್ಜ್‌ನಲ್ಲಿ ಎಲ್ಲ ಗುಂಪೂ ಒಂದೇ ಥರ ಕಾಣಬಹುದು, ಬಡವಾದದ್ದು ಕೆಳಗಿಳಿದಾಗಲೇ ಗೊತ್ತಾಗೋದು.

ಮೊದಲು ಸುಮ್ನೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕಳಿಸಿದರು. ಮತ್ತೆ ಅದೇ ಮೇಲ್‌ಗೆ ರಿಪ್ಲೈ ಹಾಕಿದೆ. ಕೊನೆಗೆ ಟೆಸ್ಟ್ ಆಯಿತು: 61%. ಒಂದು ಗುಂಪು 3.42 ವೋಲ್ಟ್, ಉಳಿದವು 3.6ರ ಹತ್ತಿರ. ಆ ಒಂದು ಗುಂಪು ತಳ ಮುಟ್ಟಿದರೆ ಸಾಕು, ಬಿಎಂಎಸ್ ಇಡೀ ಬ್ಯಾಟರಿಯನ್ನೇ ನಿಲ್ಲಿಸುತ್ತೆ. ಏರಿನಲ್ಲಿ 24 ಹೋಗಿ 9 ಆದದ್ದು ಇದಕ್ಕೇ.

ಬ್ಯಾಟರಿ ಬದಲಿಸಿಕೊಟ್ಟರು. ವಾರಂಟಿ ಮಾತ್ರ ಹಳೆಯ ತಾರೀಖಿಗೇ ಮುಗಿಯುತ್ತೆ, ಅದನ್ನೂ ಬರೆಸಿಕೊಂಡೆ. ಈಗ 88 ಬರುತ್ತಿದೆ. 110 ಈ ಬ್ಯಾಟರಿಗೂ ಬಂದಿಲ್ಲ.