ಲಾಭ ಎಲ್ಲಿ ಹೋಯ್ತು ಅಂತ ಶೀಟ್‌ನಲ್ಲಿ ಹುಡುಕಿದ್ದು

ನಾನು ಬಟ್ಟೆ ಬ್ಯಾಗ್ ತರಿಸಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಅಕೌಂಟ್ಸ್ ಓದಿದವನಲ್ಲ. ಮೊದಲ ಎರಡು ತಿಂಗಳು ನನ್ನ ಲೆಕ್ಕ ತುಂಬಾ ಸರಳವಾಗಿತ್ತು: ಬಂದ ದುಡ್ಡು ಒಂದು ಕಡೆ, ಹೋದ ದುಡ್ಡು ಇನ್ನೊಂದು ಕಡೆ, ಕಳೆದರೆ ಲಾಭ. ಅದರ ಪ್ರಕಾರ ಮೊದಲ ತಿಂಗಳು 5,400 ನಷ್ಟ, ಎರಡನೇ ತಿಂಗಳು 11,000 ಲಾಭ! ವ್ಯಾಪಾರದಲ್ಲಿ ಅಷ್ಟೇನೂ ಬದಲಾಗಿರಲಿಲ್ಲ. ಏನೋ ತಪ್ಪಿದೆ ಅನ್ನಿಸಿತು.

ಆಗಿದ್ದು ಇಷ್ಟು. ಮೊದಲ ತಿಂಗಳು 100 ಬ್ಯಾಗ್ ಒಟ್ಟಿಗೆ ತರಿಸಿದ್ದೆ. ಬ್ಯಾಗ್‌ಗೆ 11,000, ಸಾಗಣೆಗೆ 1,000, ಒಟ್ಟು 12,000. ಆ ತಿಂಗಳು ಮಾರಾಟವಾಗಿದ್ದು 30 ಮಾತ್ರ, ಆದರೆ ನೂರರ ಖರ್ಚನ್ನೂ ಅದೇ ತಿಂಗಳಿಗೆ ಹಾಕಿಬಿಟ್ಟಿದ್ದೆ. ಮುಂದಿನ ತಿಂಗಳು ಮಾರಿದ 50 ಬ್ಯಾಗ್ ಪುಕ್ಕಟೆ ಬಂದ ಹಾಗೆ ಕಾಣುತ್ತಿತ್ತು. ಗೋಡೌನ್‌ನಲ್ಲಿ, ಅಂದರೆ ನನ್ನ ಮಂಚದ ಕೆಳಗೆ, ಕೂತಿರುವ ಬ್ಯಾಗ್ ಇನ್ನೂ ಖರ್ಚಲ್ಲ. ಅದು ಮಾರಾಟವಾದ ದಿನ ಖರ್ಚಾಗುತ್ತದೆ. ಇದು ತಲೆಗೆ ಹೋಗಲು ನನಗೆ ಒಂದು ವಾರ ಬೇಕಾಯಿತು.

ಆಮೇಲೆ ಶೀಟ್ ಹೊಸದಾಗಿ ಮಾಡಿದೆ. 'ಆರ್ಡರ್' ಅನ್ನುವ ಹಾಳೆಯಲ್ಲಿ ಒಂದು ಆರ್ಡರ್‌ಗೆ ಒಂದು ಸಾಲು. A ತಾರೀಖು, B ಆರ್ಡರ್ ನಂಬರ್, C ವಸ್ತು, D ಎಷ್ಟು, E ಮಾರಿದ ಹಣ, F ಅಸಲು, G ಕಮಿಷನ್, H ಕೊರಿಯರ್, I ಸ್ಥಿತಿ, J ಉಳಿದದ್ದು. ಅಸಲು ಅಂದರೆ ಸಾಗಣೆಯೂ ಸೇರಿ ಒಂದು ಬ್ಯಾಗ್‌ಗೆ ಬಿದ್ದ ಖರ್ಚು: 12,000 ಭಾಗಿಸು 100, ಅಂದರೆ 120. ಅದನ್ನು D ಕಾಲಂನ ಸಂಖ್ಯೆಯಿಂದ ಗುಣಿಸಿ F ಕಾಲಂನಲ್ಲಿ ಹಾಕುತ್ತೇನೆ. J ಕಾಲಂನಲ್ಲಿ ಇಷ್ಟೇ:

```
=E2-F2-G2-H2
```

ಒಂದು ಬ್ಯಾಗ್ 300ಕ್ಕೆ ಹೋಗುತ್ತದೆ. ಅಸಲು 120, ಕಮಿಷನ್ 30, ಕೊರಿಯರ್ 50. ಉಳಿಯುವುದು 100. ಹಾಗಾಗಿ ಮೊದಲ ತಿಂಗಳು 3,000, ಎರಡನೇ ತಿಂಗಳು 5,000. ಇದು ನಂಬುವಂಥ ಲೆಕ್ಕ. ಟೇಪ್, ಇಂಟರ್ನೆಟ್ ಥರದ ಖರ್ಚು 'ಖರ್ಚು' ಹಾಳೆಯಲ್ಲಿ ಬೇರೆ ಇರುತ್ತದೆ, ತಿಂಗಳ ಕೊನೆಗೆ ಕಳೆಯುತ್ತೇನೆ. ಸರಕು ತರಿಸಿದ್ದನ್ನೂ ಅಲ್ಲೇ ಬರೆಯುತ್ತೇನೆ, ಆದರೆ ಪಕ್ಕದಲ್ಲಿ 'ಸರಕು' ಅಂತ ಗುರುತು ಹಾಕಿ ಆ ಕಳೆಯುವ ಮೊತ್ತದಿಂದ ಹೊರಗಿಡುತ್ತೇನೆ. ಇಲ್ಲದಿದ್ದರೆ ಒಂದೇ ಖರ್ಚು ಎರಡು ಸಲ ಬೀಳುತ್ತದೆ.

ತಿಂಗಳ ಮೊತ್ತಕ್ಕೆ ಮೂರನೇ ಹಾಳೆ. ಅದರ A2ನಲ್ಲಿ ತಿಂಗಳ ಮೊದಲ ದಿನ ಹಾಕಿ, ಪಕ್ಕದಲ್ಲಿ:

```
=SUMIFS('ಆರ್ಡರ್'!J:J,'ಆರ್ಡರ್'!A:A,">="&A2,'ಆರ್ಡರ್'!A:A,"<"&EDATE(A2,1))
```

ಇಲ್ಲೊಂದು ಸಲ ಚೆನ್ನಾಗಿ ಬೇಸ್ತು ಬಿದ್ದೆ. ನಾಲ್ಕು ಆರ್ಡರ್ ಮೊತ್ತಕ್ಕೆ ಸೇರುತ್ತಲೇ ಇರಲಿಲ್ಲ. ಕಣ್ಣಿಗೆ ಎಲ್ಲಾ ಸರಿಯಾಗೇ ಇತ್ತು. ಕೊನೆಗೆ ನೋಡಿದರೆ ಆ ನಾಲ್ಕು ತಾರೀಖು ಕೋಶದ ಎಡಗಡೆಗೆ ಅಂಟಿಕೊಂಡಿದ್ದವು, ಉಳಿದವು ಬಲಗಡೆಗೆ. ಶೀಟ್ ತಾರೀಖು ಅಂತ ಒಪ್ಪಿದ್ದನ್ನು ತಾನಾಗೇ ಬಲಕ್ಕೆ ಸರಿಸುತ್ತದೆ, ಬರೀ ಅಕ್ಷರ ಅಂದುಕೊಂಡಿದ್ದನ್ನು ಎಡಕ್ಕೆ. ನಾನು ಚುಕ್ಕಿ ಹಾಕಿ ಟೈಪ್ ಮಾಡಿದ್ದು ಅದಕ್ಕೆ ತಾರೀಖಾಗಿರಲಿಲ್ಲ. ಹಾಗಾಗಿ ಆ ಕಾಲಂಗೆ ನಾನು ಜೋಡಣೆಯನ್ನೇ ಹಾಕುವುದಿಲ್ಲ. ಮಧ್ಯಕ್ಕೆ ತಂದರೆ ಚೆಂದ ಕಾಣುತ್ತದೆ, ಆದರೆ ತಪ್ಪು ಮುಚ್ಚಿಹೋಗುತ್ತದೆ ಅಲ್ವಾ?

ವಾಪಸ್ ಬಂದ ಆರ್ಡರ್‌ನ ಸಾಲನ್ನು ಮೊದಲು ಸುಮ್ನೆ ಅಳಿಸುತ್ತಿದ್ದೆ. ಈಗ ಅಳಿಸಲ್ಲ. ಬ್ಯಾಗ್ ಚೆನ್ನಾಗಿದ್ದರೆ ಹಣ ಸೊನ್ನೆ, ಅಸಲು ಸೊನ್ನೆ. ಕಮಿಷನ್ ನನಗೆ ವಾಪಸ್ ಬರುತ್ತದೆ, ಅದೂ ಸೊನ್ನೆ. ಕೊರಿಯರ್ ಮಾತ್ರ ಹೋಗಿ ಬರಲು 100. ಅಂದರೆ ಒಂದು ಬ್ಯಾಗ್ ವಾಪಸ್ ಬಂದರೆ ಇನ್ನೊಂದರ ಲಾಭ ಪೂರ್ತಿ ಹೋಯಿತು. ಹರಿದು ಬಂದರೆ ಅಸಲು 120 ಸಾಲಿನಲ್ಲೇ ಉಳಿಯುತ್ತದೆ, ನಷ್ಟ 220.

ಲೆಕ್ಕ ಸರಿಯಿದೆಯಾ ಅಂತ ನೋಡುವ ದಾರಿಯೂ ಇದರಲ್ಲೇ ಇದೆ. ಎರಡು ತಿಂಗಳ ಲಾಭ 8,000. ಕೈಯಲ್ಲಿ ಉಳಿಯಬೇಕಾದ ದುಡ್ಡು ಮಾತ್ರ 5,600: ಬಂದದ್ದು 24,000, ಕಮಿಷನ್ ಮತ್ತು ಕೊರಿಯರ್ 6,400, ಸರಕಿಗೆ 12,000. ವ್ಯತ್ಯಾಸ 2,400. ಅದು ಮಾರಾಟವಾಗದ 20 ಬ್ಯಾಗ್, ಒಂದಕ್ಕೆ 120ರಂತೆ. ಮಂಚದ ಕೆಳಗೆ ಬಗ್ಗಿ ಎಣಿಸಿದೆ. ಇದ್ದದ್ದು 19.

ಅರ್ಧ ದಿನ ತಲೆ ಕೆರೆದುಕೊಂಡೆ. ಆಮೇಲೆ ನೆನಪಾಯಿತು, ಒಂದನ್ನು ಅಕ್ಕನಿಗೆ ಕೊಟ್ಟಿದ್ದೆ. ಅದಕ್ಕೂ ಒಂದು ಸಾಲು ಹಾಕಿದೆ: ಮಾರಿದ ಹಣ 0, ಅಸಲು 120, ಸ್ಥಿತಿ 'ಉಡುಗೊರೆ'.