ಅರ್ಧ ನಕ್ಷೆ ಬಿಟ್ಟು ಮುಗಿಸಿದ ಆಟ

ವಿಶಾಲವಾದ ನಕ್ಷೆಯಲ್ಲಿ ಗುರಿಯಿಲ್ಲದೆ ಅಲೆಯುವುದು ನನಗೆ ಎಷ್ಟು ಇಷ್ಟವೋ, ಅದೇ ನಕ್ಷೆಯಲ್ಲಿ ಒಂದೇ ಬಗೆಯ ಶಿಬಿರಗಳನ್ನು ಇಪ್ಪತ್ತು ಬಾರಿ ಖಾಲಿ ಮಾಡುವುದು ಅಷ್ಟೇ ಬೇಸರ. ಕೆಲವು ವರ್ಷಗಳ ಹಿಂದೆ ಒಂದು ಹೆಸರಾಂತ ಸರಣಿಯ ಆಟವನ್ನು ಸುಮಾರು ಮೂವತ್ತು ಗಂಟೆ ಆಡಿ ಕೈಬಿಟ್ಟೆ. ಆಗ ನನ್ನ ಪಾತ್ರ 22ನೆಯ ಲೆವೆಲ್‌ನಲ್ಲಿತ್ತು, ಕಥೆಯ ಮುಂದಿನ ಭಾಗ 26ನೆಯ ಲೆವೆಲ್ ಕೇಳುತ್ತಿತ್ತು. ಅಷ್ಟಕ್ಕೆ ಮೊದಲೇ ಹೋದರೆ ಶತ್ರುವಿಗೆ ಹತ್ತು ಏಟು ಕೊಟ್ಟರೂ ಅವನ ಪ್ರಾಣದ ಪಟ್ಟಿ ಕದಲುತ್ತಿರಲಿಲ್ಲ, ಅವನ ಎರಡೇ ಏಟಿಗೆ ನಾನು ಸಾಯುತ್ತಿದ್ದೆ. ನಡುವಿನ ನಾಲ್ಕು ಲೆವೆಲ್‌ಗಳನ್ನು ತುಂಬಿಸಿಕೊಳ್ಳಲು ಇದ್ದ ದಾರಿಯೆಂದರೆ ಮುಖ್ಯ ಕಥೆಗೆ ಹೊರತಾದ ಕೆಲಸಗಳಾದ ಸೈಡ್ ಕ್ವೆಸ್ಟ್‌ಗಳು ಮಾತ್ರ, ಅವುಗಳಲ್ಲಿ ಹೆಚ್ಚಿನವು ಊರು ಮತ್ತು ಹೆಸರು ಬದಲಾದ ಒಂದೇ ಕೆಲಸ.

ಆ ಆಟವನ್ನು ಬಿಟ್ಟ ಮೇಲೆ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಗ್ರೈಂಡಿಂಗ್, ಅಂದರೆ ಮುಂದೆ ಹೋಗಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುವುದು, ಹುಟ್ಟುವುದು ನಕ್ಷೆಯ ಅಳತೆಯಿಂದಲ್ಲ, ಕಥೆಯ ಬಾಗಿಲಿಗೆ ಹಾಕಿದ ಬೀಗದಿಂದ. ಬೀಗವು ಒಂದು ಅಂಕಿಯಾಗಿದ್ದರೆ, ಅಂದರೆ ಲೆವೆಲ್, ಹಣ ಅಥವಾ ಸಾಮಗ್ರಿಯ ಎಣಿಕೆಯಾಗಿದ್ದರೆ, ನಕ್ಷೆಯ ಮೇಲಿನ ಪ್ರತಿಯೊಂದು ಚಿಹ್ನೆಯೂ ತೀರಿಸಬೇಕಾದ ಸಾಲದಂತೆ ಕಾಣತೊಡಗುತ್ತದೆ. ಬೀಗವು ಕೌಶಲ ಅಥವಾ ತಿಳಿವಳಿಕೆಯಾಗಿದ್ದರೆ ಅದೇ ಚಿಹ್ನೆಗಳನ್ನು ನಿಶ್ಚಿಂತೆಯಿಂದ ದಾಟಿ ಹೋಗಬಹುದು. ಅಂದಿನಿಂದ ಹೊಸ ಆಟದ ಮೊದಲ ಎರಡು ಗಂಟೆಗಳಲ್ಲಿ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಹೋಗಬಾರದ ಕಡೆಗೆ ಬೇಕೆಂದೇ ಹೋಗುತ್ತೇನೆ. ಅಲ್ಲಿ ನನ್ನನ್ನು ಕೊಂದದ್ದು ನನ್ನ ತಪ್ಪು ನಡೆಯಾದರೆ ಆಟವನ್ನು ಮುಂದುವರಿಸುತ್ತೇನೆ. ಶತ್ರುವಿನ ತಲೆಯ ಮೇಲಿನ ಅಂಕಿಯೇ ಕೊಂದಿದ್ದರೆ, ಆ ಅಂತರವನ್ನು ಬೇರೆ ರೀತಿಯಲ್ಲಿ ದಾಟಲು ಸಾಧ್ಯವೇ ಎಂದು ಸೆಟ್ಟಿಂಗ್ಸ್ ನೋಡುತ್ತೇನೆ.

2015ರ ‘ದ ವಿಚರ್ 3’ ಅಂಕಿಯ ಬೀಗದ ಬಗೆಯದಾದರೂ ನನಗೆ ಹಿಡಿಸಿದ ಆಟ. ಅದರಲ್ಲಿ ಲೆವೆಲ್ ಇದೆ, ಪ್ರತಿ ಕ್ವೆಸ್ಟ್‌ಗೂ ಸೂಚಿತ ಲೆವೆಲ್ ಇದೆ, ನಕ್ಷೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳೂ ಇವೆ. ಆದರೆ ಅನುಭವದ ಅಂಕಗಳ ದೊಡ್ಡ ಪಾಲು ಬರುವುದು ಕಥೆಯ ಕ್ವೆಸ್ಟ್‌ಗಳಿಂದಲೇ. ದಾರಿಯಲ್ಲಿ ಸಿಗುವ ಪ್ರಾಣಿಗಳನ್ನು ಕೊಂದು ಲೆವೆಲ್ ಏರಿಸುತ್ತೇನೆಂದರೆ ಏರುವುದಿಲ್ಲ. ನಿಮ್ಮ ಲೆವೆಲ್ ಕ್ವೆಸ್ಟ್‌ನದಕ್ಕಿಂತ ತುಂಬ ಮೇಲೇರಿದರೆ ಆ ಕ್ವೆಸ್ಟ್ ಪಟ್ಟಿಯಲ್ಲಿ ಬೂದು ಬಣ್ಣಕ್ಕೆ ತಿರುಗಿ, ಅದರಿಂದ ಸಿಗುವ ಅಂಕಗಳು ಹೆಸರಿಗೆ ಮಾತ್ರ ಉಳಿಯುತ್ತವೆ. ಅಂದರೆ ಎಲ್ಲವನ್ನೂ ಮುಗಿಸಿಯೇ ಮುಂದೆ ಹೋಗುತ್ತೇನೆನ್ನುವವನಿಗೆ ಈ ಆಟ ಪ್ರತಿಫಲ ಕೊಡುವುದಿಲ್ಲ, ಅದು ನನಗೆ ಅನುಕೂಲವೇ ಆಯಿತು. ಇದು ತಿಳಿಯುವ ಮೊದಲು ಸ್ಕೆಲಿಗೆ ದ್ವೀಪಗಳ ಸಮುದ್ರದಲ್ಲಿ ಒಂದು ಸಂಜೆಯನ್ನು ಕಳೆದಿದ್ದೆ. ದೋಣಿಯಲ್ಲಿ ಹೋಗಬೇಕು, ತೇಲುವ ಪೀಪಾಯಿಗಳನ್ನು ಹುಡುಕಬೇಕು, ಮೇಲಿಂದ ಎರಗುವ ಸೈರನ್ ಎಂಬ ರೆಕ್ಕೆಯ ರಾಕ್ಷಸಿಯರನ್ನು ಹೊಡೆದುರುಳಿಸಬೇಕು, ನೀರಿಗೆ ಧುಮುಕಿ ಕಳ್ಳಸಾಗಣೆಯ ಪೆಟ್ಟಿಗೆಗಳನ್ನು ತೆರೆಯಬೇಕು, ಮತ್ತೆ ದೋಣಿ ಹತ್ತಬೇಕು. ಏಳನೆಯ ಪೀಪಾಯಿಯ ಹೊತ್ತಿಗೆ ನನ್ನ ಚೀಲದ ತುಂಬ ನಾನೆಂದೂ ಧರಿಸದ ಕತ್ತಿಗಳಿದ್ದವು, ಕಥೆ ಮಾತ್ರ ದಡದಲ್ಲೇ ಕಾಯುತ್ತಿತ್ತು.

ಆಮೇಲೆ ನಾನು ಮಾಡಿದ ಬದಲಾವಣೆ ಎರಡೇ. ನಕ್ಷೆಯಿಂದ ಪ್ರಶ್ನಾರ್ಥಕ ಚಿಹ್ನೆಗಳನ್ನು ತೆಗೆದುಹಾಕಿದೆ (2022ರ ಕೊನೆಯಲ್ಲಿ ಬಂದ 4.0 ಆವೃತ್ತಿಯಲ್ಲಿ ಅವು ಮೊದಲಿಂದಲೇ ಮರೆಯಾಗಿರುತ್ತವೆ, ಬೇಕೆಂದವರು ಮರಳಿ ತೋರಿಸಿಕೊಳ್ಳಬಹುದು). ಒಂದೆರಡು ಲೆವೆಲ್ ಕಡಿಮೆಯಿದ್ದು ಯಾವುದಾದರೂ ಕಾಳಗ ತಡೆದಾಗ ಸೈಡ್ ಕ್ವೆಸ್ಟ್‌ಗೆ ಓಡದೆ ಆಟದ ಕಠಿಣತೆಯನ್ನು ಒಂದು ಮೆಟ್ಟಿಲು ಇಳಿಸಿ, ಕಾಳಗ ಮುಗಿದ ಮೇಲೆ ಮತ್ತೆ ಏರಿಸಿದೆ. ಇದನ್ನು ಮೋಸವೆನ್ನುವವರಿದ್ದಾರೆ, ಐದು ಗಂಟೆ ಒಂದೇ ಕೆಲಸ ಮಾಡಿ ಅದೇ ಶತ್ರುವನ್ನು ದುರ್ಬಲನನ್ನಾಗಿ ಮಾಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಐದು ಗಂಟೆ ಮಾತ್ರ ಎಂಬುದು ನನ್ನ ಅಭಿಪ್ರಾಯ. ಹಣದ ಬೀಗ ಒಂದೇ ಒಂದು ಕಡೆ ಬಂತು: ಸ್ಕೆಲಿಗೆಗೆ ಕರೆದೊಯ್ಯುವ ಹಡಗಿನ ನಾಯಕ 1000 ಕ್ರೌನ್ ಕೇಳುತ್ತಾನೆ. ಅದನ್ನು ಕೆಲವು ರಾಕ್ಷಸ ಬೇಟೆಯ ಕಾಂಟ್ರಾಕ್ಟ್‌ಗಳಿಂದ ಹೊಂದಿಸಿದೆ. ಅವುಗಳಲ್ಲಿ ಸಂಬಳವನ್ನು ಚೌಕಾಸಿ ಮಾಡಿ ಹೆಚ್ಚಿಸಿಕೊಳ್ಳಬಹುದು, ಜೊತೆಗೆ ಒಂದೊಂದಕ್ಕೂ ಪುಟ್ಟ ಕಥೆಯೊಂದು ಇರುವುದರಿಂದ ಅದು ಗ್ರೈಂಡಿಂಗ್ ಅನ್ನಿಸಲಿಲ್ಲ.

ಆದರೆ ನನ್ನಂಥವರಿಗೆ ನಿಜವಾಗಿ ಒಗ್ಗಿದ ಆಟ 2017ರ ‘ದ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್’. ಅದರಲ್ಲಿ ಅನುಭವದ ಅಂಕಗಳೂ ಇಲ್ಲ, ಲೆವೆಲ್ಲೂ ಇಲ್ಲ. ಆರಂಭದ ಪ್ರಸ್ಥಭೂಮಿಯಲ್ಲಿ ಒಗಟು ಅಥವಾ ಕಾಳಗವಿರುವ ಪುಟ್ಟ ಗುಡಿಗಳಾದ ಶ್ರೈನ್‌ಗಳಲ್ಲಿ ನಾಲ್ಕನ್ನು ಮುಗಿಸಿ, ಗಾಳಿಯಲ್ಲಿ ತೇಲಿ ಇಳಿಸುವ ಪ್ಯಾರಾಗ್ಲೈಡರ್ ಪಡೆದರೆ, ಅಲ್ಲಿಂದ ನೇರವಾಗಿ ಕೋಟೆಗೆ ಹೋಗಿ ಕೊನೆಯ ಶತ್ರುವಾದ ಗ್ಯಾನನ್‌ನನ್ನು ಎದುರಿಸಲು ಯಾವ ಬಾಗಿಲೂ ತಡೆಯುವುದಿಲ್ಲ. ಉಳಿದದ್ದೆಲ್ಲ, ಅಂದರೆ 120 ಶ್ರೈನ್‌ಗಳಾಗಲಿ, ಶತ್ರುವಿನ ವಶದಲ್ಲಿರುವ ದೈತ್ಯ ಯಂತ್ರಪ್ರಾಣಿಗಳಾದ ನಾಲ್ಕು ಡಿವೈನ್ ಬೀಸ್ಟ್‌ಗಳಾಗಲಿ, ನಕ್ಷೆಯ ತುಂಬ ಅಡಗಿರುವ 900 ಕೊರೊಕ್ ಬೀಜಗಳಾಗಲಿ, ನಿಮ್ಮ ಇಚ್ಛೆಗೆ ಬಿಟ್ಟದ್ದು. ನಕ್ಷೆಯಲ್ಲಿರುವ 15 ಗೋಪುರಗಳನ್ನು ಹತ್ತಿದಾಗಲೂ ಕೆಲಸಗಳ ಪಟ್ಟಿ ಉದುರುವುದಿಲ್ಲ. ಆ ಪ್ರದೇಶದ ಬೆಟ್ಟ, ಹೊಳೆ, ದಾರಿಗಳಷ್ಟೇ ತೋರುತ್ತವೆ. ಮಿಕ್ಕದ್ದನ್ನು ಗೋಪುರದ ತುದಿಯಲ್ಲಿ ನಿಂತು ದೂರದರ್ಶಕದಿಂದ ನೋಡಿ ನಾವೇ ಗುರುತು ಹಾಕಿಕೊಳ್ಳಬೇಕು. ನಾನು ಒಂದು ಸಲಕ್ಕೆ ಮೂರು ಗುರುತಿಗಿಂತ ಹೆಚ್ಚು ಹಾಕುತ್ತಿರಲಿಲ್ಲ. ಆಯ್ಕೆಗಳಲ್ಲಿ HUD Mode ಎಂಬುದನ್ನು Pro ಮಾಡಿದಾಗ ಮೂಲೆಯ ಪುಟ್ಟ ನಕ್ಷೆಯೂ ಮಾಯವಾಗಿ ಪರದೆಯ ಮೇಲೆ ಪ್ರಾಣದ ಅಳತೆಯಾದ ಹೃದಯಗಳಷ್ಟೇ ಉಳಿದವು. ಅದಾದ ಮೇಲೆ ನನ್ನ ಕಣ್ಣು ಚುಕ್ಕೆಯನ್ನು ಹಿಂಬಾಲಿಸುವುದನ್ನು ಬಿಟ್ಟು ಬೆಟ್ಟದ ಸಾಲನ್ನು ನೋಡತೊಡಗಿತು.

ಯಾವ ಬೀಸ್ಟ್ ಮೊದಲು ಎಂಬುದನ್ನು ಯೋಚಿಸಿ ತೀರ್ಮಾನಿಸಿದ್ದರಿಂದ ಬಹಳಷ್ಟು ಪುನರಾವರ್ತನೆ ತಪ್ಪಿತು. ಮೊದಲು ಜೋರಾಗಳ ನಾಡಿಗೆ ಹೋದೆ, ಏಕೆಂದರೆ ಅಲ್ಲಿ ಸಿಗುವ ಮಿಫಾಳ ವರ ಸತ್ತಾಗ ತಾನಾಗಿ ಬದುಕಿಸುತ್ತದೆ. ಎರಡನೆಯದು ರೀಟೋಗಳ ಊರು; ಅಲ್ಲಿ ಸಿಗುವ ರೆವಾಲಿಯ ಗಾಳಿ ನಿಂತಲ್ಲಿಂದ ಮೇಲಕ್ಕೆ ಎತ್ತಿಬಿಡುವುದರಿಂದ, ಮಳೆಯಲ್ಲಿ ಬಂಡೆ ಜಾರಿ ಜಾರಿ ಹತ್ತುವ ಕಷ್ಟದ ಬಹುಭಾಗ ಕಳೆಯಿತು. ಕಾಳಗಕ್ಕೆ ಅಡುಗೆಯನ್ನೇ ನೆಚ್ಚಿಕೊಂಡೆ. ಹೆಸರಿನ ಮೊದಲಿಗೆ ‘ಹಾರ್ಟಿ’ ಎಂದಿರುವ ಒಂದೇ ಒಂದು ಪದಾರ್ಥವನ್ನು ಒಲೆಯ ಮೇಲೆ ಹಾಕಿದರೂ ಎಲ್ಲ ಹೃದಯಗಳನ್ನೂ ತುಂಬಿಸಿ ಮೇಲೆ ಕೆಲವು ಹಳದಿ ಹೃದಯಗಳನ್ನು ಕೊಡುವ ಊಟವಾಗುತ್ತದೆ. ಅದನ್ನು ಕಾಳಗದ ನಡುವೆ ಆಟ ನಿಲ್ಲಿಸಿಯೂ ತಿನ್ನಬಹುದು. ಐದಾರು ಇಂಥ ಊಟಗಳಿದ್ದರೆ ರಕ್ಷಾಕವಚವನ್ನು ಬಲಪಡಿಸಲು ಸಾಮಗ್ರಿ ಕೂಡಿಹಾಕುವ ಕೆಲಸವನ್ನು ಬಿಡಬಹುದು. ಈ ಆಟದಲ್ಲಿ ನಿಜವಾದ ಗ್ರೈಂಡಿಂಗ್ ಇರುವುದು ಆ ಕೆಲಸದಲ್ಲೇ.

ಕೊರೊಕ್ ಬೀಜಗಳ ವಿಷಯದಲ್ಲಿ ಲೆಕ್ಕ ನೋಡಿ ನಿಲ್ಲಿಸಿದೆ. ಆಯುಧ ಇಟ್ಟುಕೊಳ್ಳುವ ಹೆಚ್ಚಿನ ಜಾಗಗಳಿಗೆ ಹೆಸ್ಟು ಎಂಬ ಪಾತ್ರ ಕೇಳುವ ಬೆಲೆ ಮೊದಲು 1 ಬೀಜ, ಆಮೇಲೆ 2, 3, 5 ಹೀಗೆ ಏರುತ್ತದೆ. ಹನ್ನೊಂದು ಬೀಜಗಳಿಗೆ ನಾಲ್ಕು ಜಾಗ ಸಿಕ್ಕಿದವು, ಅಲ್ಲಿಗೆ ಬಿಟ್ಟೆ. ಎಲ್ಲ ಜಾಗಗಳಿಗೂ ಸೇರಿ ಬೇಕಾಗುವುದು 441 ಬೀಜ, ಇಟ್ಟಿರುವುದು 900. ಅರ್ಧಕ್ಕೂ ಹೆಚ್ಚು ಬೀಜಗಳು ಹೆಚ್ಚುವರಿಯಾಗಿರುವುದು ಯಾರು ಯಾವ ದಾರಿಯಲ್ಲಿ ಹೋದರೂ ಒಂದಿಷ್ಟು ಸಿಗಲಿ ಎಂದೇ ಹೊರತು, ಎಲ್ಲವನ್ನೂ ಆಯ್ದುಕೊಳ್ಳಲಿ ಎಂದಲ್ಲ ಎಂದು ನಾನು ಅರ್ಥ ಮಾಡಿಕೊಂಡೆ.

ಇಷ್ಟಾದರೂ ಒಮ್ಮೆ ಎಡವಿದೆ. ಮಾಸ್ಟರ್ ಸ್ವೋರ್ಡ್ ಎಂಬ ಕತ್ತಿಯನ್ನು ಕಲ್ಲಿನಿಂದ ಎಳೆಯಲು 13 ಹೃದಯಗಳು ಬೇಕು, ಹಳದಿ ಹೃದಯಗಳು ಲೆಕ್ಕಕ್ಕಿಲ್ಲ. ಆ ಹೊತ್ತಿಗೆ ಮೂರು ಬೀಸ್ಟ್‌ಗಳನ್ನು ಬಿಡಿಸಿದ್ದೆ, 21 ಶ್ರೈನ್‌ಗಳನ್ನು ಮುಗಿಸಿದ್ದೆ. ಆರಂಭದ ಮೂರು ಹೃದಯಗಳಿಗೆ ಬೀಸ್ಟ್‌ಗಳಿಂದ ಬಂದ ಮೂರು ಸೇರಿ ಆರಾದವು. ಪ್ರತಿ ಶ್ರೈನ್‌ಗೆ ಒಂದರಂತೆ ಸಿಗುವ ಗೋಳಗಳಲ್ಲಿ ನಾಲ್ಕಕ್ಕೆ ಒಂದು ಹೃದಯವನ್ನಾಗಲಿ ಹತ್ತಲು, ಓಡಲು ಬೇಕಾದ ಕಸುವಾದ ಸ್ಟ್ಯಾಮಿನಾದ ಒಂದು ಪಾಲನ್ನಾಗಲಿ ಪಡೆಯಬಹುದು. 21 ಗೋಳಗಳಿಂದ ನನಗೆ ಸಿಕ್ಕ ಐದು ಪಾಲುಗಳಲ್ಲಿ ಮೂರನ್ನು ಹೃದಯಕ್ಕೆ, ಎರಡನ್ನು ಸ್ಟ್ಯಾಮಿನಾಕ್ಕೆ ಹಾಕಿದ್ದೆ. ಒಟ್ಟು ಒಂಬತ್ತು. ಹಟೇನೋ ಹಳ್ಳಿಯ ಬಳಿಯ ಕೊಂಬಿನ ಪ್ರತಿಮೆಯು ಇಂಥ ಒಂದು ಪಾಲನ್ನು ಆಟದ ಹಣವಾದ ರುಪೀಯಲ್ಲಿ 100ಕ್ಕೆ ಕೊಂಡು 120ಕ್ಕೆ ಮರಳಿ ಮಾರುತ್ತದೆ. ಅಂದರೆ 40 ರುಪೀ ಕಳೆದುಕೊಂಡರೆ ಸ್ಟ್ಯಾಮಿನಾದ ಎರಡೂ ಪಾಲುಗಳನ್ನು ಹೃದಯಗಳನ್ನಾಗಿ ಬದಲಾಯಿಸಬಹುದಿತ್ತು. ಆಗಲೂ ಹನ್ನೊಂದೇ. ಉಳಿದ ಎರಡು ಹೃದಯಗಳಿಗೆ ಎಂಟು ಗೋಳಗಳು ಬೇಕು, ಕೈಯಲ್ಲಿದ್ದದ್ದು ಒಂದು. ಹಾಗಾಗಿ ಇನ್ನೂ ಏಳು ಶ್ರೈನ್‌ಗಳು.

ಏಳನ್ನು ಮುಗಿಸಿಯೇ ಬಿಡೋಣವೆಂದು ಹೊರಟೆ. ಶ್ರೈನ್ ಸಮೀಪವಿದ್ದಾಗ ಸದ್ದು ಮಾಡುವ ಸೆನ್ಸರ್ ಹಾಕಿಕೊಂಡು, ಸದ್ದು ಬಂದತ್ತ ಓಡಿ, ಒಳಹೊಕ್ಕು, ಹೊರಬಂದು, ಮತ್ತೆ ಸದ್ದಿಗೆ ಕಿವಿಗೊಟ್ಟು ಓಡಿದೆ. ಮೊದಲ ಮೂರರಲ್ಲಿ ಎರಡು ‘ಟೆಸ್ಟ್ ಆಫ್ ಸ್ಟ್ರೆಂತ್’ ಆಗಿದ್ದವು. ಅದೇ ಗುಂಡಗಿನ ಕೋಣೆ, ಅದೇ ಯಂತ್ರದೊಡನೆ ಕಾಳಗ. ಮೂರನೆಯದರಿಂದ ಹೊರಬಂದಾಗ ಎದುರಿಗಿದ್ದ ಕಣಿವೆಯನ್ನು ನೋಡದೆಯೇ ನಕ್ಷೆ ತೆರೆದಿದ್ದೆನೆಂಬುದು ಗಮನಕ್ಕೆ ಬಂತು. ಆಟ ಬದಲಾಗಿರಲಿಲ್ಲ, ನಾನೇ ಅದಕ್ಕೊಂದು ಅಂಕಿಯ ಬೀಗ ಹಾಕಿಕೊಂಡಿದ್ದೆ. ಕತ್ತಿಯ ಆಸೆ ಬಿಟ್ಟೆ, ಸೆನ್ಸರನ್ನೂ ಆರಿಸಿದೆ.

ಬಿಟ್ಟದ್ದಕ್ಕೆ ಬೆಲೆಯೂ ಇತ್ತು. ಗೆರುಡೋ ಮರಳುಗಾಡಿನ ನಾಲ್ಕನೆಯ ಬೀಸ್ಟನ್ನು ಬಿಡಿಸದೆ ಕೋಟೆಗೆ ಹೋಗಿದ್ದರಿಂದ, ಅದರೊಳಗೆ ಎದುರಾಗಬೇಕಿದ್ದ ಥಂಡರ್‌ಬ್ಲೈಟ್ ಎಂಬ ಶತ್ರು, ಗ್ಯಾನನ್‌ಗಿಂತ ಮೊದಲು, ಕೋಟೆಯಲ್ಲೇ ಬಂದು ನಿಂತ. ಬೀಸ್ಟ್‌ಗೊಬ್ಬನಂತಿರುವ ಇಂಥ ನಾಲ್ವರಲ್ಲಿ ಅತಿ ಚುರುಕಾದವನು ಅವನೇ. ಕಣ್ಣು ಮಿಟುಕಿಸುವಷ್ಟರಲ್ಲಿ ಅಡ್ಡಡ್ಡ ಜಿಗಿದು ಮುಂದೆ ಬರುತ್ತಿದ್ದ, ಅವನ ಮಿಂಚು ತಗಲಿದಾಗ ಕೈಯಲ್ಲಿದ್ದ ಆಯುಧ ಕೆಳಗೆ ಬೀಳುತ್ತಿತ್ತು. ನಾಲ್ಕು ಬಾರಿ ಸತ್ತೆ. ಐದನೆಯ ಬಾರಿ ಅವನ ಮೂರನೆಯ ಜಿಗಿತದವರೆಗೂ ಗುರಾಣಿ ಹಿಡಿದು ಕಾದು, ಆಮೇಲೆ ಹೊಡೆಯುವುದನ್ನು ಕಲಿತಿದ್ದೆ. ಎರಡು ಊಟ ಉಳಿದಿದ್ದವು. ಕೊನೆಯ ಕಾಳಗಕ್ಕೆ ಅಷ್ಟು ಸಾಕಾಯಿತು.

ಈ ದಾರಿ ಎಲ್ಲ ಆಟಗಳಿಗೂ ಹೊಂದುವುದಿಲ್ಲ. 2022ರ ‘ಎಲ್ಡನ್ ರಿಂಗ್’ ಕೆಲಸಗಳ ಪಟ್ಟಿಯನ್ನೇ ಕೊಡುವುದಿಲ್ಲವಾದರೂ ಆಯುಧವನ್ನು ಏರಿಸದೆ ಮುಂದೆ ಹೋಗುವುದು ನನ್ನ ಕೈಯಲ್ಲಿ ಆಗಲಿಲ್ಲ. ಅಲ್ಲಿ ಕಠಿಣತೆಯನ್ನು ಇಳಿಸುವ ಆಯ್ಕೆಯೂ ಇಲ್ಲ. ಇನ್ನೊಂದು ತುದಿಯಲ್ಲಿ 2019ರ ‘ಔಟರ್ ವೈಲ್ಡ್ಸ್’ ಇದೆ. ಅದರಲ್ಲಿ 22 ನಿಮಿಷಕ್ಕೊಮ್ಮೆ ಎಲ್ಲವೂ ಮೊದಲಿನಂತಾಗುತ್ತದೆ, ಹಡಗಿನ ದಾಖಲೆ ಪುಸ್ತಕದಲ್ಲಿ ಬರೆದುಕೊಂಡ ತಿಳಿವಳಿಕೆಯೊಂದೇ ಉಳಿಯುತ್ತದೆ. ಕೂಡಿಡಲು ಬೇರೇನೂ ಇಲ್ಲವಾದ್ದರಿಂದ ಗ್ರೈಂಡ್ ಮಾಡುತ್ತೇನೆಂದರೂ ಆಗದು. ಜೆಲ್ಡಾದ ನನ್ನ ಸೇವ್ ಫೈಲಿನಲ್ಲಿ ಗೆರುಡೋ ಗೋಪುರ ಇನ್ನೂ ಹತ್ತದೆ ಉಳಿದಿದೆ, ನಕ್ಷೆಯ ಆ ಮೂಲೆ ಕಪ್ಪಾಗಿಯೇ ಇದೆ.